ಅಡಿಕೆ ಸುಲಿಯುವ ರಾತ್ರಿಗೆ ಪರ್ಕೊಲೇಟರ್ ಕಾಫಿ

ಶಿರಸಿ ಕಡೆ ಸುಗ್ಗಿಯಲ್ಲಿ ಹನ್ನೆರಡು ಜನ ಮೆಟ್ಟುಗತ್ತಿ ಮೇಲೆ ಕೂತಿದ್ದರೆ ಮನೆಯ ಫಿಲ್ಟರ್ ಸಾಲುವುದಿಲ್ಲ. ಆಗ ಪರ್ಕೊಲೇಟರ್ ತೆಗೆಯಿರಿ. ಕರೆಂಟ್ ಬೇಡ, ಕಾಗದದ ಫಿಲ್ಟರ್ ಬೇಡ. ಅಘನಾಶಿನಿ ದಂಡೆಯಲ್ಲಿ ಟೆಂಟ್ ಹಾಕಿದರೂ ಇದೇ ಪಾತ್ರೆ ಸಾಕು.

ಆದರೆ ಇದಕ್ಕೊಂದು ದೋಷವಿದೆ. ಕೆಳಗೆ ಕುದಿದ ನೀರು ನಡುವಿನ ಕೊಳವೆಯಲ್ಲಿ ಮೇಲೇರಿ, ತೂತಿನ ಬುಟ್ಟಿಯಲ್ಲಿರುವ ಪುಡಿಯ ಮೇಲೆ ಬಿದ್ದು, ಮತ್ತೆ ಕೆಳಗೇ ಇಳಿಯುತ್ತದೆ. ಅಂದರೆ ಆಗಲೇ ಕಾಫಿಯಾದದ್ದು ಪುನಃ ಪುನಃ ಪುಡಿಯ ಮೂಲಕ ಹಾಯುತ್ತದೆ. ಉರಿ ಜಾಸ್ತಿಯಾದರೆ ಪುಡಿಯಲ್ಲಿ ಉಳಿದ ಕಹಿ, ಒಗರು ಎಲ್ಲ ಇಳಿದುಬಿಡುತ್ತದೆ. ಮೊದಲ ಸಲ ನಾನು ಇಪ್ಪತ್ತು ನಿಮಿಷ ಬಿಟ್ಟಿದ್ದೆ. ನಾಲಿಗೆಯ ಹಿಂಭಾಗ ಎಳೆಯ ಅಡಿಕೆ ಜಗಿದ ಹಾಗೆ ಒಣಗಿತ್ತು.

ಮೊದಲು ಪುಡಿ. ಚಿಕೋರಿ ಇಲ್ಲದ್ದು, ಇಡ್ಲಿ ರವೆಯಷ್ಟು ದಪ್ಪದ್ದು ಇರಲಿ. ಫಿಲ್ಟರ್ ಕಾಫಿಯ ನುಣ್ಣನೆ ಪುಡಿ ತೂತಿನಿಂದ ಉದುರಿ ಲೋಟದ ತಳಕ್ಕೆ ಬರುತ್ತದೆ, ಕಹಿಯೂ ಬೇಗ ಬಿಡುತ್ತದೆ. ಹನ್ನೆರಡು ಸಣ್ಣ ಲೋಟಕ್ಕೆ ಒಂದೂವರೆ ಲೀಟರ್ ನೀರು, 80 ಗ್ರಾಂ ಪುಡಿ. ನೀರು ಬುಟ್ಟಿಯ ತಳಕ್ಕೆ ತಾಗಬಾರದು.

ನೀರನ್ನಷ್ಟೇ ಮೊದಲು ಕುದಿಸಿ, ಪಾತ್ರೆ ಕೆಳಗಿಳಿಸಿ. ಬುಟ್ಟಿಯನ್ನು ಒದ್ದೆ ಮಾಡಿ ಪುಡಿ ಹಾಕಿದರೆ ಸಣ್ಣ ಕಣಗಳು ಅಷ್ಟಾಗಿ ಉದುರುವುದಿಲ್ಲ. ಒತ್ತಬೇಡಿ, ಸುಮ್ನೆ ಸಮ ಮಾಡಿ. ಬುಟ್ಟಿ ಕೂರಿಸಿ, ಮುಚ್ಚಳ ಹಾಕಿ, ಮತ್ತೆ ಒಲೆಗಿಡಿ.

ಈಗ ಮುಚ್ಚಳದ ಗಾಜಿನ ಗುಬುಟು ನೋಡುತ್ತ ಕೂರಬೇಕು. ಎರಡು ಮೂರು ಸೆಕೆಂಡಿಗೊಮ್ಮೆ 'ಗುಳುಕ್' ಎಂದು ಒಂದೇ ಗುಳ್ಳೆ ಏಳಬೇಕು. ಬಿಡದೆ ಗಳಗಳ ಅಂದರೆ ಉರಿ ಜೋರಾಯಿತು ಎಂದೇ ಅರ್ಥ. ಗ್ಯಾಸ್ ಆದರೆ ತಿರುವಿ ಸಣ್ಣ ಮಾಡಬಹುದು. ಕಟ್ಟಿಗೆ ಒಲೆಯಲ್ಲಿ ಹಾಗಾಗುವುದಿಲ್ಲ ಅಲ್ವಾ? ಉರಿಯುವ ಕಟ್ಟಿಗೆ ಎಳೆದುಹಾಕಿ, ಪಾತ್ರೆಯನ್ನು ಕೆಂಡದ ಅಂಚಿಗೆ ಸರಿಸಿ. ಒಂದು ಅಂಗೈಯಗಲ ಆಚೆ ಈಚೆ ಮಾಡಿದರೂ ಗುಳ್ಳೆಯ ಲಯ ಬದಲಾಗುತ್ತದೆ.

ಮೊದಲ ಗುಳ್ಳೆಯಿಂದ ಆರೇಳು ನಿಮಿಷ ಸಾಕು. ಗಾಜಿನಲ್ಲಿ ಜೇನುತುಪ್ಪದ ಬಣ್ಣ ದಾಟಿ ಕಂದು ಕಾಣುತ್ತಲೇ ಇಳಿಸಿ. ಕಪ್ಪಾಗುವವರೆಗೆ ಕಾಯಬೇಡಿ. ಬಟ್ಟೆ ಹಿಡಿದು ಬುಟ್ಟಿಯನ್ನು ಕೂಡಲೇ ಹೊರತೆಗೆಯಿರಿ. ಒಳಗೇ ಬಿಟ್ಟರೆ ಏಳುವ ಹಬೆಗೆ ಕಹಿ ತೊಟ್ಟಿಕ್ಕುತ್ತಲೇ ಇರುತ್ತದೆ. ಎರಡು ನಿಮಿಷ ಹಾಗೇ ಇಟ್ಟರೆ ಗಸಿ ತಳ ಸೇರುತ್ತದೆ.

ಇದು ಡಿಕಾಕ್ಷನ್‌ನಷ್ಟು ಗಟ್ಟಿಯಲ್ಲ. ಅರ್ಧಕ್ಕರ್ಧ ಹಾಲು ಬೆರೆಸಿದರೆ ಕಾಫಿಯೇ ಕಾಣೆಯಾಗುತ್ತದೆ. ಬೇರೆ ಪಾತ್ರೆಯಲ್ಲಿ ಕಾಯಿಸಿದ ಹಾಲು 400 ಮಿ.ಲೀ. ಸಾಕು. ಉಳಿದದ್ದನ್ನು ಫ್ಲಾಸ್ಕಿಗೆ ಹಾಕಿ, ಮತ್ತೆ ಕುದಿಸಬೇಡಿ.

ಮನೆಯಲ್ಲಿ ಇಬ್ಬರೇ ಇದ್ದ ದಿನ ದೊಡ್ಡ ಪರ್ಕೊಲೇಟರ್ ತೆಗೆಯಬೇಡಿ. ತಳದಲ್ಲಿ ನೀರು ಕಡಿಮೆಯಾದರೆ ಗುಳ್ಳೆ ಸರಿಯಾಗಿ ಏಳುವುದಿಲ್ಲ. ಆ ದಿನಕ್ಕೆ ಫಿಲ್ಟರೇ ಸರಿ.