ಹಿಂದಿನ ದಿನ ಮೂರೂವರೆಗೆ ಒಂದು ಫೋನ್

ನಾಳೆ ಇಂಟರ್‌ವ್ಯೂ ಅಂದರೆ ಇವತ್ತೇ ಆ ಕಂಪನಿಯ ಎಚ್‌ಆರ್‌ಗೆ ಫೋನ್ ಮಾಡಿ ಎಲ್ಲ ಕೇಳಿಕೊಳ್ಳುತ್ತೇನೆ ಅಂದಾಗ ಗೆಳೆಯರು ನಕ್ಕರು. "ಎಲ್ಲಾ ಮೇಲ್‌ನಲ್ಲೇ ಇರುತ್ತಲ್ವಾ? ಮತ್ತೆ ಕೇಳಿದ್ರೆ ಇವನಿಗೆ ಓದೋಕೂ ಬರಲ್ಲ ಅಂದ್ಕೋತಾರೆ" ಅಂದ ಒಬ್ಬ. ಕಳೆದ ಆರೇಳು ತಿಂಗಳಲ್ಲಿ ಸುಮಾರು 14 ಇಂಟರ್‌ವ್ಯೂಗೆ ಹೋಗಿದ್ದೇನೆ. ಕೊನೆಯ 9ರಲ್ಲಿ ಒಮ್ಮೆಯೂ ಗೇಟಿನಲ್ಲಿ ಸಿಕ್ಕಿಹಾಕಿಕೊಂಡಿಲ್ಲ. ಈಗ ಅದೇ ಗೆಳೆಯ ತನ್ನ ಇಂಟರ್‌ವ್ಯೂ ಹಿಂದಿನ ದಿನ ನನಗೆ ಫೋನ್ ಮಾಡುತ್ತಾನೆ.

ಇದು ಶುರುವಾಗಿದ್ದು ಒಂದು ಕೆಟ್ಟ ದಿನದಿಂದ. ಮೇಲ್‌ನಲ್ಲಿ ವಿಳಾಸ, ಸಮಯ, ಎಚ್‌ಆರ್ ಹೆಸರು ಎಲ್ಲ ಇತ್ತು. ಗೇಟಿನಲ್ಲಿ ಸೆಕ್ಯೂರಿಟಿಯವರು ಪಟ್ಟಿ ನೋಡಿ ನನ್ನ ಹೆಸರಿಲ್ಲ ಅಂದರು. ನಿಜಕ್ಕೂ ಇತ್ತು, ಆದರೆ ನಾನು ರೆಸ್ಯೂಮೆಯಲ್ಲಿ ಬರೆದಿದ್ದ ಚಿಕ್ಕ ಹೆಸರು. ಗುರುತಿನ ಚೀಟಿಯಲ್ಲಿ ಇರೋದು ಪೂರ್ತಿ ಹೆಸರು. ಎಚ್‌ಆರ್‌ಗೆ ಫೋನ್ ಮಾಡಿದರೆ ಅವರು ಆ ಕಟ್ಟಡದಲ್ಲೇ ಇಲ್ಲ, ಬೇರೆ ಊರಿನ ಆಫೀಸಿನವರು! ಮೇಲೆ ನನಗಾಗಿ ಕಾಯುತ್ತಿದ್ದವರು ಯಾರೋ ನನಗೆ ಗೊತ್ತಿಲ್ಲ. ಒಳಗೆ ಕೇಳಿ ನೋಡೋಣ ಅಂದರೆ ಸೆಕ್ಯೂರಿಟಿಯವರು ತಾನೇ ಯಾರನ್ನು ಕೇಳಬೇಕು? 45 ನಿಮಿಷ ಅಲ್ಲೇ ಹೋಯಿತು. ಒಳಗೆ ಹೋಗುವಷ್ಟರಲ್ಲಿ ಮುಂದಿನವರು ಕೂತಾಗಿತ್ತು. ರಜೆ ಉಳಿದಿರಲಿಲ್ಲ, ಹಾಗಾಗಿ ಒಂದು ದಿನದ ಸಂಬಳ ಕಟ್. ಹೋಗಿ ಬಂದ ಖರ್ಚು ಬೇರೆ.

ಮುಂದಿನ ಸಲ ಎಂಟು ಪ್ರಶ್ನೆಗಳ ಉದ್ದದ ಮೇಲ್ ಕಳಿಸಿದೆ. ಉತ್ತರವೇ ಇಲ್ಲ. ಅದರ ಮುಂದಿನ ಸಲ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡಿದೆ. ಆಗ ಅವರು ಅವತ್ತಿನ ಅಭ್ಯರ್ಥಿಗಳನ್ನು ಒಳಗೆ ಕರೆದುಕೊಳ್ಳುವ ಗಡಿಬಿಡಿಯಲ್ಲಿರುತ್ತಾರೆ. "ಮೇಲ್ ನೋಡಿ" ಅಂತ ಇಟ್ಟುಬಿಟ್ಟರು. ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂವರೆ ನನಗೆ ಒಗ್ಗಿದ ಹೊತ್ತು. ನಾಳಿನ ಪಟ್ಟಿಯಲ್ಲಿ ಏನಾದರೂ ತಿದ್ದಬೇಕಿದ್ದರೆ ಅವರಿಗೂ ಇನ್ನೂ ಟೈಮ್ ಇರುತ್ತದೆ. ಸೋಮವಾರದ ಇಂಟರ್‌ವ್ಯೂ ಆದರೆ ಶುಕ್ರವಾರವೇ ಮಾಡುತ್ತೇನೆ.

ನಿಜವಾಗಿ ಕೆಲಸ ಮಾಡಿದ್ದು ಕೇಳುವ ರೀತಿ ಬದಲಿಸಿದ್ದು. "ಹೇಗೆ ಬರಬೇಕು?" ಅಂತ ಕೇಳಿದರೆ ಮೇಲ್‌ನಲ್ಲಿರುವ ವಿಳಾಸವನ್ನೇ ಓದುತ್ತಾರೆ. ಹಾಗಾಗಿ ನನಗೆ ತಿಳಿದದ್ದನ್ನು ಹೇಳಿ, ತಪ್ಪಿದ್ದರೆ ಅವರೇ ತಿದ್ದಲಿ ಅಂತ ಬಿಡುತ್ತೇನೆ. ಇತ್ತೀಚಿನ ಒಂದು ಫೋನ್ ಹೀಗಿತ್ತು:

"ಮೇಡಂ, ನಾಳೆ ಹತ್ತಕ್ಕೆ ನನ್ನ ಇಂಟರ್‌ವ್ಯೂ ಇದೆ. ಮುಂದಿನ ಗೇಟಿನಿಂದಲೇ ಬರಲಾ?"

"ಅಯ್ಯೋ ಬೇಡ, ಅದು ಸ್ಟಾಫ್‌ಗೆ ಮಾತ್ರ. ಹಿಂದಿನ ಗೇಟಿಗೆ ಬನ್ನಿ."

"ಸರಿ. ಗುರುತಿನ ಚೀಟಿ ಒರಿಜಿನಲ್ ತರ್ತೀನಿ. ಪಟ್ಟಿಯಲ್ಲಿ ಹೆಸರು ಅದರಲ್ಲಿರೋ ಹಾಗೇ ಇದೆಯಾ?"

ಇರಲಿಲ್ಲ. ಅಲ್ಲೇ ತಿದ್ದಿಕೊಂಡರು. ಕಾಗದ ಪತ್ರದ ವಿಷಯಕ್ಕೆ ಬಂದರೆ, ಮೇಲ್‌ನಲ್ಲಿ ಬರೀ "ದಾಖಲೆಗಳು" ಅಂತಿತ್ತು. ಕೇಳಿದ ಮೇಲೆ ಗೊತ್ತಾಯಿತು, ಬೇಕಾಗಿದ್ದು ಮೂರು ತಿಂಗಳ ಸಂಬಳದ ಚೀಟಿಯ ಜೆರಾಕ್ಸ್ ಮತ್ತು ಎರಡು ಫೋಟೋ. ಫೋನಿನಲ್ಲಿ ತೋರಿಸಿದರೆ ನಡೆಯಲ್ಲ. ಲ್ಯಾಪ್‌ಟಾಪ್ ತಂದರೆ ಗೇಟಿನಲ್ಲಿ ಸೀರಿಯಲ್ ನಂಬರ್ ಬರೆಸಬೇಕು, ಅದಕ್ಕೆ ಇನ್ನೊಂದು ಕ್ಯೂ. ಅದನ್ನು ಮನೆಯಲ್ಲೇ ಬಿಟ್ಟೆ.

ಕೊನೆಗೆ ಮುಖ್ಯವಾದದ್ದು: "ರಿಸೆಪ್ಷನ್‌ನಲ್ಲಿ ಯಾರ ಹೆಸರು ಹೇಳಲಿ? ಅವರು ಮೀಟಿಂಗ್‌ನಲ್ಲಿದ್ದರೆ ಇನ್ಯಾರನ್ನು ಕೇಳಲಿ?" ಈ ಎರಡನೇ ಹೆಸರನ್ನು ಯಾರೂ ತಾವಾಗಿ ಹೇಳಲ್ಲ, ಕೇಳಿದರೆ ಕೊಡುತ್ತಾರೆ. ಇಬ್ಬರೂ ಅದೇ ಕಟ್ಟಡದಲ್ಲಿ ಕೂರುವವರು ತಾನೇ ಅಂತಲೂ ಖಚಿತ ಮಾಡಿಕೊಳ್ಳುತ್ತೇನೆ. ಒಳಗಿನ ನಂಬರ್ ಇದ್ದರೆ ಇನ್ನೂ ಒಳ್ಳೆಯದು. ಇಷ್ಟಕ್ಕೆ ಎರಡು, ಹೆಚ್ಚೆಂದರೆ ಮೂರು ನಿಮಿಷ. ಫೋನ್ ಇಟ್ಟ ಕೂಡಲೇ ಅದನ್ನೇ ನಾಲ್ಕು ಸಾಲಿನಲ್ಲಿ ಬರೆದು ಎಚ್‌ಆರ್‌ಗೆ ಕಳಿಸುತ್ತೇನೆ. ನಾಳೆ ಗೇಟಿನಲ್ಲಿ ತೋರಿಸಲು ಅದು ಬೇಕು.

ಅವರು ಫೋನ್ ಎತ್ತದಿದ್ದರೆ, ಅವರೇ ವಾಪಸ್ ಫೋನ್ ಮಾಡುವ ಹಾಗೆ ಮಾಡುವ ಒಂದು ಮೆಸೇಜ್ ನನ್ನ ಹತ್ತಿರ ಇದೆ. ಅದನ್ನು ಮಾತ್ರ ಇಲ್ಲಿ ಹೇಳಲ್ಲ.

ಬೇರೆ ಪ್ರಯೋಗಗಳೂ ಆದವು. ಎರಡು ಸಲ ಹಿಂದಿನ ಸಂಜೆಯೇ ಹೋಗಿ ಜಾಗ ನೋಡಿ ಬಂದೆ. ಸುಮ್ನೆ ದುಡ್ಡು ದಂಡ. ದಾರಿ ಗೊತ್ತಾಯಿತು, ಒಳಗೆ ಬಿಡುವ ಕ್ರಮ ಗೊತ್ತಾಗಲಿಲ್ಲ. ಒಮ್ಮೆ ಎಚ್‌ಆರ್ ಬಿಟ್ಟು ಆಫೀಸಿನ ರಿಸೆಪ್ಷನ್‌ಗೇ ಫೋನ್ ಮಾಡಿದೆ. ಗೇಟು, ಪಾರ್ಕಿಂಗ್, ವಿಸಿಟರ್ ಪಾಸ್ ವಿಷಯ ಅವರಿಗೇ ಜಾಸ್ತಿ ಗೊತ್ತು. ಆದರೆ ಯಾವ ಕಾಗದ ತರಬೇಕು ಅನ್ನೋದು ಅವರಿಗೆ ಗೊತ್ತಿರಲಿಲ್ಲ.

ಆ ಮೇಡಂ ಹೇಳಿದ ಹಿಂದಿನ ಗೇಟಿನ ಕಡೆ ಮರುದಿನ 9:35ಕ್ಕೆ ತಲುಪಿದೆ. ಮೊದಲ ಹೆಸರಿನವರು ಫೋನ್ ಎತ್ತಲಿಲ್ಲ. ಎರಡನೇ ಹೆಸರು ಹೇಳಿದೆ, ಐದು ನಿಮಿಷದಲ್ಲಿ ಪಾಸ್ ಕೈಗೆ ಬಂತು. ಮುಂದಿನ ಗೇಟಿಗೆ ಹೋಗಿ ಸುತ್ತಿಕೊಂಡು ಬಂದ ಒಬ್ಬರು ಬೆವರು ಒರೆಸಿಕೊಳ್ಳುತ್ತಾ ಎಚ್‌ಆರ್‌ಗೆ ಫೋನ್ ಹಚ್ಚುತ್ತಿದ್ದರು. ಅವರಿಗೂ ಆ ಎರಡನೇ ಹೆಸರನ್ನೇ ಕೊಟ್ಟೆ. ಕೆಲಸ ಸಿಕ್ಕಿದ್ದು ಅವರಿಗೋ ಏನೋ, ನನಗಂತೂ ಸಿಕ್ಕಿದ್ದು ಮುಂದಿನ ತಿಂಗಳು, ಬೇರೆ ಕಡೆ.