ಫ್ರಿಜ್ ಬಾಗಿಲಿನ ಎರಡು ಪಟ್ಟಿ: ನನ್ನ ಅನುಭವ

ಮದುವೆಯಾಗಿ ಇಪ್ಪತ್ತು ವರ್ಷ ದಾಟಿದವರಿಗೆ ಹಿನ್ನೆಲೆ ಹೇಳಬೇಕಿಲ್ಲ. ದೊಡ್ಡ ಜಗಳ ಇಲ್ಲ, ಕೆಟ್ಟ ಚಟ ಇಲ್ಲ. ಆದರೂ ಈ ಮನೆಯಲ್ಲಿ ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅನ್ನಿಸುತ್ತಿರುತ್ತದೆ. ಹೇಳಿಕೊಂಡರೆ "ನಿನಗೇನು ಕಡಿಮೆಯಾಗಿದೆ?" ಅನ್ನುತ್ತಾರೆ. ಗಂಡ ಹೆಂಡತಿ ಇಬ್ಬರೂ ತಮಗೆ ಬೇಕಾದ ಸಣ್ಣ ಸಣ್ಣ ಅಕ್ಕರೆಗಳ ಪಟ್ಟಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸುವ ನನ್ನ ಉಪಾಯ ಕೇಳಿ ತಂಗಿ ನಕ್ಕಳು. "ಅಕ್ಕಾ, ಪಟ್ಟಿ ಬರೆದುಕೊಟ್ಟು ಪ್ರೀತಿ ಮಾಡಿಸಿಕೊಳ್ತೀಯಾ?" ನಾದಿನಿಯಂತೂ "ನಮ್ಮಣ್ಣ ಬದಲಾದರೆ ನಾನು ಹೆಸರು ಬದಲಾಯಿಸ್ಕೋತೀನಿ" ಅಂದಳು. ಎರಡು ವರ್ಷವಾಗುತ್ತಾ ಬಂತು. ಮೊನ್ನೆ ಅದೇ ನಾದಿನಿ ಫೋನ್ ಮಾಡಿ, ಪಟ್ಟಿಯಲ್ಲಿ ಏನೇನು ಬರೆಯಬೇಕು ಅಂತ ಕೇಳಿದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡು ಕಳೆದ ಕತೆ. ಇಬ್ಬರೇ ಪ್ರವಾಸ ಹೋದೆವು. ಹೆಚ್ಚೂಕಡಿಮೆ ಒಂದು ತಿಂಗಳ ಸಂಬಳ ಅದಕ್ಕೇ ಹೋಯಿತು. ಅಲ್ಲಿದ್ದಷ್ಟು ದಿನ ಚೆನ್ನಾಗಿತ್ತು. ಮನೆಗೆ ಬಂದು ಬ್ಯಾಗ್ ಬಿಚ್ಚಿದ ಮೇಲೆ ಮತ್ತದೇ ಮೌನ. ಆಮೇಲೆ ಉಡುಗೊರೆ. ನಾನು ಕೊಟ್ಟರೆ ಇವರೂ ಕೊಡುತ್ತಾರೆ ಅನ್ನೋ ಲೆಕ್ಕ. ಇವರು ಕೊಟ್ಟರು, ನಿಜ. ಆದರೆ ಬಿಲ್ ಸಮೇತ ಕೊಟ್ಟು "ಬೇಡದಿದ್ದರೆ ವಾಪಸ್ ಮಾಡಬಹುದು" ಅಂದರು. ಕೊನೆಗೆ ಒಬ್ಬ ಸಮಾಲೋಚಕಿಯ ಬಳಿ ಹೋದೆವು. ಎಲ್ಲಾ ಸೇರಿ ಆ ಫೀಸು ಪ್ರವಾಸದ ಖರ್ಚಿನ ಕಾಲು ಭಾಗವೂ ಆಗಲಿಲ್ಲ. ಕೆಲಸಕ್ಕೆ ಬಂದದ್ದು ಅದೊಂದೇ.

ಆಕೆ ಕಲಿಸಿದ್ದು ಹೊಸದೇನಲ್ಲ. ರಿಚರ್ಡ್ ಸ್ಟುವರ್ಟ್ ಎಂಬ ಅಮೆರಿಕದ ದಾಂಪತ್ಯ ಚಿಕಿತ್ಸಕರೊಬ್ಬರು ದಶಕಗಳ ಹಿಂದೆಯೇ ರೂಪಿಸಿದ ಕ್ರಮ. ಗಂಡ ಹೆಂಡತಿ ಇಬ್ಬರೂ, ತಮಗೆ ಅಕ್ಕರೆ ಅನ್ನಿಸುವ ಸಣ್ಣ ಸಣ್ಣ ಕೆಲಸಗಳ ಪಟ್ಟಿ ಬರೆಯಬೇಕು. ಅದರಲ್ಲಿ ಕೆಲವನ್ನು ಮತ್ತೊಬ್ಬರು ದಿನಾ ಮಾಡಬೇಕು. ಅಷ್ಟೇ. ಆದರೆ ಪಟ್ಟಿಗೆ ಸೇರುವ ಸಾಲಿಗೆ ನಿಯಮಗಳಿವೆ. "ಮಾಡಬೇಡಿ" ಅನ್ನುವುದು ಬರಬಾರದು, "ಮಾಡಿ" ಅನ್ನುವುದೇ ಬರಬೇಕು. ಮಾಡಿದ್ದು ಕಣ್ಣಿಗೆ ಕಾಣಬೇಕು. ದಿನಾ ಮಾಡುವಷ್ಟು ಚಿಕ್ಕದಿರಬೇಕು. ಇತ್ತೀಚೆಗೆ ಜಗಳವಾದ ವಿಷಯ ಆಗಿರಲೇಬಾರದು.

ನನ್ನ ಮೊದಲ ಪಟ್ಟಿ ಪೂರ್ತಿ ತಿರಸ್ಕೃತವಾಯಿತು. "ನನ್ನನ್ನು ಗಮನಿಸಿ" ಅಂತ ಬರೆದಿದ್ದೆ. ಸಮಾಲೋಚಕಿ ಕೇಳಿದರು, "ಪಕ್ಕದಲ್ಲಿ ಮೂರನೆಯವರು ಕೂತಿದ್ದರೆ, ಇವರು ಗಮನಿಸಿದರು ಅಂತ ಅವರಿಗೆ ಹೇಗೆ ಗೊತ್ತಾಗಬೇಕು?" ಯೋಚಿಸಿದೆ. ನನಗೆ ನಿಜಕ್ಕೂ ಬೇಕಿದ್ದದ್ದು, ಇವರು ಮನೆಗೆ ಬಂದ ಮೇಲೆ ಫೋನ್ ಹಿಡಿಯುವ ಮೊದಲು ನನ್ನ ಪಕ್ಕ ಎರಡು ನಿಮಿಷ ಕೂರುವುದು. ಹಾಗೇ ಬರೆದೆ. "ಫೋನ್ ನೋಡಬೇಡಿ" ಅಂತ ಬರೆದಿದ್ದರೆ ಅದು ಹಳೇ ಜಗಳ, ಅವತ್ತೇ ಮತ್ತೆ ಶುರುವಾಗುತ್ತಿತ್ತು. "ನಾನು ಮಾಡುವ ಕೆಲಸಕ್ಕೆ ಬೆಲೆ ಕೊಡಿ" ಅನ್ನುವುದು "ಇವತ್ತು ನಾನು ಮಾಡಿದ ಒಂದು ಕೆಲಸದ ಹೆಸರು ಹೇಳಿ ಚೆನ್ನಾಗಿತ್ತು ಅನ್ನಿ" ಅಂತಾಯಿತು. ಮಲಗುವ ಮುಂಚೆ ಭುಜದ ಮೇಲೆ ಒಂದು ಸಲ ಕೈ ಇಡುವುದು, ಹೊರಡುವಾಗ ತಿರುಗಿ ನೋಡಿ ಹೋಗುವುದು, ಹೀಗೆ ಸುಮಾರು ಹದಿನೈದು ಸಾಲು ಆಯಿತು. ಮನೆಗೆಲಸ ಹಂಚಿಕೊಳ್ಳುವ ವಿಷಯ ಇದರಲ್ಲಿ ಇಲ್ಲ. ಅದು ನ್ಯಾಯದ ಮಾತು, ಬೇರೆ ದಿನ ಕೂತು ಆಡಬೇಕಾದದ್ದು. ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ.

ಇವರ ಪಟ್ಟಿ ಬರಲು ಎರಡು ವಾರ ಹಿಡಿಯಿತು. "ನನಗೇನೂ ಬೇಡ" ಅಂತ ಶುರು ಮಾಡಿದವರು ಕೊನೆಗೆ ನನಗಿಂತ ಉದ್ದ ಬರೆದರು. ಕತೆ ಹೇಳುವಾಗ ಕೊನೆತನಕ ಕೇಳಬೇಕು. ಏನಾದರೂ ರಿಪೇರಿ ಮಾಡಿದರೆ ಬಂದು ನೋಡಬೇಕು. ಬಾಗಿಲತನಕ ಬಂದು ಕಳಿಸಬೇಕು. ಇಷ್ಟು ವರ್ಷ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟುಕೊಂಡಿದ್ದರೋ!

ಈಗ ತಂಗಿಯ ಪ್ರಶ್ನೆ. ಕೇಳಿ ಪಡೆದದ್ದು ಪ್ರೀತಿನಾ? ಮೊದಲ ವಾರ ನನಗೂ ಹಾಗೇ ಅನ್ನಿಸಿತು. ಇವರು ಪಕ್ಕ ಬಂದು ಕೂತರೆ ಹಾಜರಿ ಹಾಕಿದ ಹಾಗಿತ್ತು. ಇದಕ್ಕೆ ಮದ್ದು ಪಟ್ಟಿಯ ಉದ್ದದಲ್ಲಿದೆ. ಮೂರೇ ಸಾಲಿದ್ದರೆ ಅದು ಆಜ್ಞೆ. ಹದಿನೈದು ಸಾಲಿದ್ದು, ದಿನಕ್ಕೆ ನಾಲ್ಕೈದು ಮಾಡಿದರೆ ಸಾಕು ಅಂದಾಗ, ಯಾವುದು, ಯಾವಾಗ ಅನ್ನುವುದು ಅವರ ಕೈಯಲ್ಲೇ ಉಳಿಯುತ್ತದೆ. ಬೆಳಿಗ್ಗೆ ಬಾಗಿಲಲ್ಲಿ ತಿರುಗಿ ನೋಡುತ್ತಾರೋ, ಮಧ್ಯಾಹ್ನ ಸುಮ್ನೆ ಒಂದು ಫೋನ್ ಮಾಡುತ್ತಾರೋ ನನಗೆ ಗೊತ್ತಿರುವುದಿಲ್ಲ. ಕೇಳಿದ್ದು ನಾನೇ ಆದರೂ ಆರಿಸಿದ್ದು ಅವರು. ಒಂದು ತಿಂಗಳ ಹೊತ್ತಿಗೆ ಪಟ್ಟಿಯಲ್ಲಿ ಇಲ್ಲದ್ದೂ ಬರತೊಡಗಿತು. ತಂಗಿ ಇನ್ನೂ ಒಪ್ಪಿಲ್ಲ, ಬಿಡಿ.

ನಡುವೆ ಒಂದು ಅಂಕದ ಪ್ರಯೋಗವೂ ಆಯಿತು. ಸ್ಟುವರ್ಟ್ ಅವರೇ 1969ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ದಂಪತಿಗಳಿಗೆ ಟೋಕನ್ ಕೊಡಿಸಿದ್ದರು. ಗಂಡ ಮಾತಾಡಿದರೆ ಹೆಂಡತಿ ಟೋಕನ್ ಕೊಡುವುದು, ಅದನ್ನು ಅವನು ಸಲಿಗೆಗೆ ಬದಲಾಯಿಸಿಕೊಳ್ಳುವುದು. ನಾವು ಟೋಕನ್ ಬದಲು ಗೀಟು ಎಳೆದೆವು. ವಾರದಲ್ಲೇ "ನಿನ್ನದು ಎರಡು ಬಾಕಿ" ಅನ್ನೋ ಮಾತು ಬಂತು. ಅವತ್ತೇ ನಿಲ್ಲಿಸಿದೆವು. ಈ ಕ್ರಮದ ಮುಖ್ಯ ಕೀಲಿ ಇಲ್ಲೇ ಇದೆ. ಅವರು ಮಾಡಲಿ ಬಿಡಲಿ, ನನ್ನ ಪಾಲಿನದು ನಾನು ಮಾಡಬೇಕು. ಅವರು ಮಾಡಿದರೆ ಮಾತ್ರ ನಾನು ಅಂತ ಕೂತರೆ ಮೂರನೇ ದಿನಕ್ಕೆ ಇಬ್ಬರೂ ನಿಂತುಬಿಡುತ್ತೀರಿ.

ಇನ್ನೊಂದು ಪ್ರಯೋಗ ಮಾತ್ರ ಮಜವಾಗಿತ್ತು. ಮನೆಯ ಕೆಲಸಗಳಲ್ಲಿ ತನ್ನ ಪಾಲು ಶೇಕಡಾ ಎಷ್ಟು ಅಂತ ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದೆವು. ಕೂಡಿಸಿದರೆ ನೂರಮೂವತ್ತರ ಹತ್ತಿರ ಬಂತು! 1979ರಲ್ಲಿ ರಾಸ್ ಮತ್ತು ಸಿಕೋಲಿ ಎಂಬ ಸಂಶೋಧಕರು ದಂಪತಿಗಳನ್ನು ಕೇಳಿದಾಗಲೂ ಹೀಗೇ ಆಗಿತ್ತು, ಕೂಡಿದ ಲೆಕ್ಕ ಸಾಮಾನ್ಯವಾಗಿ ನೂರನ್ನು ದಾಟಿತ್ತು. ತಾನು ಮಾಡಿದ್ದು ತನಗೆ ನೆನಪಿರುತ್ತದೆ, ಮತ್ತೊಬ್ಬರದ್ದು ಕಣ್ಣಿಗೇ ಬಿದ್ದಿರುವುದಿಲ್ಲ. ಆ ಚೀಟಿ ನೋಡಿದ ಮೇಲೆ ನಮ್ಮಲ್ಲಿ ಒಂದು ರೂಢಿ ಬಂತು. ಮತ್ತೊಬ್ಬರು ಮಾಡಿದ್ದು ಗಮನಕ್ಕೆ ಬಂದರೆ ಆಗಲೇ ಬಾಯಿಬಿಟ್ಟು ಹೇಳುವುದು. ಹೇಳದಿದ್ದರೆ ಮಾಡಿದವರಿಗೆ ಅದು ತಲುಪಿತೋ ಇಲ್ಲವೋ ಗೊತ್ತಾಗದು, ಮೆಲ್ಲಗೆ ಬಿಟ್ಟುಬಿಡುತ್ತಾರೆ.

ಜಗಳವಾದ ದಿನ ಪಟ್ಟಿ ನಡೆಸುವುದಕ್ಕೆ ನನ್ನದೇ ಒಂದು ಕೈಚಳಕ ಇದೆ. ಅದನ್ನು ಬರೆಯೋದಿಲ್ಲ. ಇವರೂ ಇದನ್ನು ಓದುತ್ತಾರೆ.

ಹಳಿ ತಪ್ಪುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ? ಮಲಗುವ ಮುಂಚಿನ ಹತ್ತು ನಿಮಿಷದಲ್ಲಿ ನಾಲ್ಕೂ ಮುಗಿದುಹೋದರೆ ಅದು ಶಾಸ್ತ್ರಕ್ಕೆ ಮಾಡಿದ್ದು. ದಿನಾ ಒಂದೇ ಸುಲಭದ ಸಾಲು ಬರುತ್ತಿದ್ದರೂ ಅಷ್ಟೇ. ಬೈಯದೆ ಆ ಸಾಲು ತೆಗೆದು ಬೇರೆ ಸೇರಿಸಿ. ಈ ಕ್ರಮ ಬೇಗ ಫಲ ಕೊಡುತ್ತದೆ, ಹಾಗೇ ಬಿಟ್ಟರೆ ಬೇಗ ಸಪ್ಪೆಯೂ ಆಗುತ್ತದೆ. ಹೆದರಿಕೆ, ಹೊಡೆತ, ಹೀಯಾಳಿಕೆ ಇರುವ ಮನೆಗೆ ಇದು ಅಲ್ಲವೇ ಅಲ್ಲ. ಅಲ್ಲಿ ಪಟ್ಟಿ ಹೀಯಾಳಿಸಲು ಇನ್ನೊಂದು ಸಾಮಾನಾಗುತ್ತದೆ, ಬೇರೆಯದೇ ಸಹಾಯ ಬೇಕು. ಗಂಡ ಎಲ್ಲದರಲ್ಲೂ ಆಸಕ್ತಿ ಕಳೆದುಕೊಂಡು ತಿಂಗಳುಗಟ್ಟಲೆ ಮಂಕಾಗಿದ್ದರೆ ಮೊದಲು ವೈದ್ಯರಿಗೆ ತೋರಿಸಿ.

ನಾವು ಎರಡು ಮೂರು ತಿಂಗಳಿಗೊಮ್ಮೆ ಪಟ್ಟಿ ಹೊಸದಾಗಿ ಬರೆಯುತ್ತೇವೆ. ಈ ಸಲ ನನ್ನದು ಮುಗಿದಿದೆ. ಇವರು ನಾಲ್ಕೇ ಸಾಲು ಬರೆದು, ಉಳಿದದ್ದು ಭಾನುವಾರ ಅಂದಿದ್ದಾರೆ. ಅಲ್ಲಿಯವರೆಗೆ ಹಳೆಯದೇ ನಡೆಯುತ್ತಿದೆ.