ಜನರಿಲ್ಲದ ಸ್ಮಾರಕದ ಫೋಟೊ ತೆಗೆಯುವುದು ಹೇಗೆ?

ಒಂದೇ ಜಾಗದಿಂದ ಹಲವು ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಅವನ್ನು ಒಂದೇ ಚಿತ್ರವಾಗಿ ಬೆರೆಸಿದರೆ ಓಡಾಡುವ ಜನ ಮಾಯವಾಗುತ್ತಾರೆ. ಆದರೆ ಬರ್ಸ್ಟ್ ಮೋಡ್‌ನಲ್ಲಿ ಎರಡು ಸೆಕೆಂಡಿಗೆ ಇಪ್ಪತ್ತು ಫೋಟೊ ಹೊಡೆದು, ಆಮೇಲೆ ‘ಜನ ಹೋಗ್ತಾನೇ ಇಲ್ಲ’ ಎಂದು ಗೊಣಗುವವರನ್ನು ಬೇಕಾದಷ್ಟು ನೋಡಿದ್ದೇನೆ. ಎರಡು ಸೆಕೆಂಡಿನಲ್ಲಿ ಯಾರು ಎಷ್ಟು ದೂರ ಹೋಗುತ್ತಾರೆ?

ಮೊದಲು ಲೆಕ್ಕ ನೋಡಿ. ಒಂಬತ್ತು ಫೋಟೊಗಳಲ್ಲಿ ಗೋಡೆಯ ಒಂದೇ ಚುಕ್ಕೆಯ ಹೊಳಪು ಹೀಗಿದೆ ಎನ್ನಿ: 182, 180, 183, 40, 181, 95, 182, 210, 181. ಇದರಲ್ಲಿ 40, 95 ಮತ್ತು 210 ಎಂದರೆ ಆ ಗಳಿಗೆಯಲ್ಲಿ ಅಡ್ಡ ಬಂದವರ ಬಟ್ಟೆ. ಸರಾಸರಿ ತೆಗೆದರೆ ಸುಮಾರು 159 ಬರುತ್ತದೆ, ಗೋಡೆಯ ಮೇಲೆ ದೆವ್ವದಂಥ ನೆರಳು ಉಳಿಯುತ್ತದೆ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಟ್ಟನಡುವಿನದನ್ನು ಆರಿಸಿದರೆ 181. ಅದು ಗೋಡೆಯದೇ ಬಣ್ಣ. ಶಾಲೆಯಲ್ಲಿ ಕಲಿತ ಮಧ್ಯಾಂಕ ಇದೇ, ಅಲ್ವಾ?

ಹಾಗಾಗಿ ಪ್ರತಿ ಜಾಗವೂ ಅರ್ಧಕ್ಕಿಂತ ಜಾಸ್ತಿ ಫೋಟೊಗಳಲ್ಲಿ ಖಾಲಿ ಇರಬೇಕು. ಎಲ್ಲರೂ ಎಡವುವುದು ಇಲ್ಲೇ.

ಟ್ರೈಪಾಡ್ ನಿಲ್ಲಿಸಿ. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮ್ಯಾನುಯಲ್‌ಗೆ ಹಾಕಿ.

ಈಗ ಕ್ಲಿಕ್ಕಿಸುವ ಮೊದಲು ಸುಮ್ನೆ ಎರಡು ನಿಮಿಷ ನಿಂತು ನೋಡಿ. ನಡೆದು ಹೋಗುವವರಿಂದ ತೊಂದರೆಯಿಲ್ಲ. ಕಾಟ ಕೊಡುವವರು ನಿಂತವರು: ಮೆಟ್ಟಿಲ ಮೇಲೆ ಕೂತವರು, ಬಾಗಿಲ ಮುಂದೆ ಸೆಲ್ಫಿಗೆ ಸಾಲುಗಟ್ಟಿದವರು. ಸಾಲಿನಲ್ಲಿ ಒಬ್ಬ ಸರಿದರೆ ಅದೇ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಕ್ಯಾಮೆರಾದ ಲೆಕ್ಕದಲ್ಲಿ ಆ ಜಾಗ ಖಾಲಿಯಾಗಲೇ ಇಲ್ಲ. ಇಪ್ಪತ್ತು ಸೆಕೆಂಡಿಗೊಂದರಂತೆ 21 ಫೋಟೊ ತೆಗೆಯಿರಿ, ಏಳು ನಿಮಿಷ ಸಾಕು. ಬಾಗಿಲ ಬಳಿ 21ರಲ್ಲಿ 11 ಸಲ ಜನರಿದ್ದರೆ ಅಲ್ಲಿ ಕೊಳಕು ಕಲೆ ಉಳಿಯುವ ಸಾಧ್ಯತೆ ಹೆಚ್ಚು. ಅದಕ್ಕೇ ನಾನು ಟೈಮರ್ ನಂಬುವುದಿಲ್ಲ. ಬಾಗಿಲು ಖಾಲಿಯಾದಾಗಲೆಲ್ಲ ಕೈಯಾರೆ ಒಂದು ಹೆಚ್ಚುವರಿ ಕ್ಲಿಕ್ ಮಾಡುತ್ತೇನೆ. ಹಾಗಂತ ಅರ್ಧ ಗಂಟೆ ಎಳೆಯಬೇಡಿ, ಬಿಸಿಲಿನ ನೆರಳು ಸರಿದು ಅಂಚುಗಳು ಮಸುಕಾಗುತ್ತವೆ.

ಫೋಟೊಶಾಪ್‌ನಲ್ಲಿ File > Scripts > Load Files into Stack ತೆರೆದು, ಫೋಟೊಗಳನ್ನು ಸೇರಿಸಿ, ಕೆಳಗಿನ ಎರಡೂ ಚೌಕಗಳಿಗೆ ಟಿಕ್ ಹಾಕಿ. ನಂತರ Layer > Smart Objects > Stack Mode > Median. ದುಡ್ಡು ಕೊಡಲು ಮನಸ್ಸಿಲ್ಲದಿದ್ದರೆ ಉಚಿತವಾಗಿ ಸಿಗುವ ಇಮೇಜ್‌ಮ್ಯಾಜಿಕ್‌ನಲ್ಲಿ ಒಂದೇ ಸಾಲು:

```
magick *.jpg -evaluate-sequence median out.png
```

ಇದು ಫೋಟೊಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿಕೊಡುವುದಿಲ್ಲ. ಟ್ರೈಪಾಡ್ ಅಲುಗಿದ್ದರೆ ಕಲ್ಲಿನ ಕೆತ್ತನೆಯೇ ಕಲಸಿಹೋಗುತ್ತದೆ. ಅಗ್ಗದ ಟ್ರೈಪಾಡ್‌ನ ನಡುಗಂಬ ಎತ್ತಿ ನಿಲ್ಲಿಸಿ, ಗಾಳಿಗೆ ಅದು ತೂಗಾಡಿದ್ದನ್ನು ಗಮನಿಸದೆ ನಾನೇ ಒಂದು ಬೆಳಗ್ಗೆ ಪೂರ್ತಿ ಹಾಳು ಮಾಡಿಕೊಂಡಿದ್ದೇನೆ.

ಕೊನೆಗೆ ಚಿತ್ರವನ್ನು ನೂರು ಶೇಕಡಾ ಗಾತ್ರಕ್ಕೆ ಹಿಗ್ಗಿಸಿ, ಬಾಗಿಲು ಮತ್ತು ಮೆಟ್ಟಿಲು ನೋಡಿ. ಕಲೆ ಕಂಡರೆ, ಆ ಜಾಗ ಖಾಲಿ ಇದ್ದ ಒಂದು ಫೋಟೊವನ್ನು ಮೇಲಿನ ಲೇಯರ್ ಮಾಡಿ, ಮಾಸ್ಕ್‌ನಿಂದ ಅಷ್ಟು ಭಾಗವನ್ನು ಮಾತ್ರ ತೋರಿಸಿ. ಆ ಹೆಚ್ಚುವರಿ ಕ್ಲಿಕ್‌ಗಳು ಉಪಯೋಗಕ್ಕೆ ಬರುವುದು ಆಗಲೇ.